ಲಾಕರ್ ಎಲ್ಲಿ ತೆಗೆದುಕೊಳ್ಳೋದು? ನಮ್ಮ ಅಕ್ಕನ 240 ಗ್ರಾಂ ಚಿನ್ನದ ಲೆಕ್ಕ

ದಾವಣಗೆರೆಯಲ್ಲಿರುವ ನಮ್ಮ ಅಕ್ಕ ಮೂರು ತಿಂಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಒಡವೆ ಎಲ್ಲಿಡೋದು? ಪಕ್ಕದ ನ್ಯಾಮತಿಯ ಬ್ಯಾಂಕ್ ಶಾಖೆಯಿಂದ 2024ರ ಅಕ್ಟೋಬರ್‌ನಲ್ಲಿ ಹದಿನೇಳು ಕೆಜಿಗೂ ಜಾಸ್ತಿ ಚಿನ್ನ ಕಳವಾಗಿತ್ತಲ್ಲ, ಅದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಮರುವರ್ಷ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲೂ ಹಾಗೇ ಆಯ್ತು, ಅದು ಐವತ್ತೆಂಟು ಕೆಜಿಗೂ ಮೇಲೆ. "ಬ್ಯಾಂಕಲ್ಲೇ ಹೀಗಾದ್ರೆ ನಮ್ಮನೆ ಬೀರು ಏನು ತಪ್ಪು ಮಾಡಿದೆ" ಅನ್ನೋದು ಅವಳ ವಾದ.

ಇಲ್ಲೊಂದು ವಿಷಯ ಮೊದಲೇ ಹೇಳಬೇಕು. ಆ ಎರಡೂ ಕಡೆ ಹೋಗಿದ್ದು ಸಾಲಕ್ಕೆ ಅಡವಿಟ್ಟ ಚಿನ್ನ, ಲಾಕರ್‌ನಲ್ಲಿಟ್ಟ ಚಿನ್ನ ಅಲ್ಲ. ವ್ಯತ್ಯಾಸ ದೊಡ್ಡದು. ಅಡವಿಟ್ಟ ಚಿನ್ನವನ್ನು ಬ್ಯಾಂಕ್ ತೂಕ ಹಾಕಿ ಬರೆದುಕೊಂಡಿರುತ್ತದೆ, ಯಾರದ್ದು ಎಷ್ಟು ಗ್ರಾಂ ಅಂತ ಪುಸ್ತಕದಲ್ಲೇ ಇರುತ್ತದೆ. ಲಾಕರ್‌ನಲ್ಲಿ ನೀವು ಏನಿಟ್ಟಿದ್ದೀರಿ ಅಂತ ಬ್ಯಾಂಕಿಗೆ ಗೊತ್ತೇ ಇಲ್ಲ. ಗೊತ್ತಿರಬಾರದು ಕೂಡ. ಅಧಿಕಾರಿ ತನ್ನ ಕೀ ತಿರುಗಿಸಿ ಹೊರಗೆ ಹೋಗಬೇಕು, ಆಮೇಲೆ ನೀವು ನಿಮ್ಮ ಕೀ ಹಾಕಿ ತೆಗೆಯಬೇಕು. ಹಾಗಾಗಿ ಕಳೆದುಹೋದರೆ ಕೊಡುವ ದುಡ್ಡಿಗೂ ಒಳಗಿದ್ದ ಒಡವೆಯ ಬೆಲೆಗೂ ಸಂಬಂಧವೇ ಇಲ್ಲ. ಈ ಒಂದು ಮಾತು ತಲೆಗೆ ಹೋದರೆ ಮುಂದಿನ ಆಯ್ಕೆ ಸುಲಭ.

ಅಕ್ಕನಿಗೆ ನಾನು ಮೊದಲು ನಾಲ್ಕು ಪ್ರಶ್ನೆ ಕೇಳಿದೆ. ಕಳೆದರೆ ಎಷ್ಟು ದುಡ್ಡು ಕೈಗೆ ಬರಬೇಕು? ವರ್ಷಕ್ಕೆ ಎಷ್ಟು ಸಲ ತೆಗೆಯಬೇಕಾಗುತ್ತದೆ? ನಿನಗೂ ಭಾವನಿಗೂ ಏನಾದರೂ ಆದರೆ ಯಾರು ತೆಗೆಯಬೇಕು? ವರ್ಷಕ್ಕೆ ಎಷ್ಟು ಖರ್ಚು ಮಾಡೋಕೆ ತಯಾರಿದ್ದೀಯ? ಅವಳ ಉತ್ತರ ಹೀಗಿತ್ತು. ಚಿನ್ನ 240 ಗ್ರಾಂ, ಬೆಳ್ಳಿ ಎರಡೂವರೆ ಕೆಜಿ. ಗೌರಿ ಹಬ್ಬಕ್ಕೆ ಒಂದು ಸಲ, ಮದುವೆ ಮುಂಜಿಗೆ ಒಂದೆರಡು ಸಲ ತೆಗೆಯಬೇಕು. ಮಗಳು ಪುಣೆಯಲ್ಲಿದ್ದಾಳೆ. ಖರ್ಚು ಐದು ಸಾವಿರ ದಾಟಬಾರದು. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಹಿಡಿಯೋಣ (ಈಗಿನ ದರ ಅದಕ್ಕಿಂತ ಜಾಸ್ತಿಯೇ ಇದೆ). ಆಗ ಚಿನ್ನವೇ 24 ಲಕ್ಷ ಆಯ್ತು.

ಮೊದಲ ಆಯ್ಕೆ ಬ್ಯಾಂಕ್ ಲಾಕರ್. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದಿತು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದು ಬಂದದ್ದಕ್ಕೆ ಕಾರಣ ಕೋಲ್ಕತ್ತಾದ ಒಬ್ಬ ಗ್ರಾಹಕರ ಕೇಸು. ಅವರು ಬಾಡಿಗೆ ಕಟ್ಟಿದ್ದರೂ 1994ರಲ್ಲಿ ಬ್ಯಾಂಕ್ ಅವರ ಲಾಕರ್ ಒಡೆಯಿತು. ಒಳಗೆ ಏಳು ಒಡವೆ ಇತ್ತು ಅಂತ ಅವರು ಹೇಳಿದರು, ವಾಪಸ್ ಬಂದದ್ದು ಎರಡು. ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಬ್ಯಾಂಕಿಗೆ 5 ಲಕ್ಷ ಪರಿಹಾರ ಕೊಡಲು ಹೇಳಿತು, ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ರಿಸರ್ವ್ ಬ್ಯಾಂಕಿಗೂ ಹೇಳಿತು. ಆದರೆ ಒಳಗೆ ನಿಜವಾಗಿ ಏನಿತ್ತು ಅನ್ನೋ ಜಗಳಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕು ಅಂತಾಯ್ತು. ಇಪ್ಪತ್ತಾರು ವರ್ಷ ಆದಮೇಲೆ!

ಈಗಿನ ನಿಯಮ ಆ ಜಗಳವನ್ನು ಬೇರೆ ರೀತಿ ಮುಗಿಸಿದೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ, ಇವುಗಳಿಂದ ನಿಮ್ಮ ವಸ್ತು ಹೋದರೆ ಬ್ಯಾಂಕ್ ಕೊಡಬೇಕಾದದ್ದು ಆಗ ನಡೆಯುತ್ತಿರುವ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಭೂಕಂಪ, ಪ್ರವಾಹ, ಸಿಡಿಲು ಇಂಥದ್ದಕ್ಕೆ ಏನೂ ಇಲ್ಲ. ನಿಮ್ಮದೇ ತಪ್ಪಿನಿಂದ ಹೋದರೂ ಇಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿಗೆ ಸಿಗುವ 5 ಲಕ್ಷದ ವಿಮೆ ಇದೆಯಲ್ಲ, ಅದಕ್ಕೂ ಲಾಕರ್‌ಗೂ ಸಂಬಂಧ ಇಲ್ಲ. ಅಕ್ಕ ಅದನ್ನೇ ನಂಬಿಕೊಂಡಿದ್ದಳು, ಅದಕ್ಕೇ ಹೇಳುತ್ತಿದ್ದೇನೆ.

ಈಗ ಲೆಕ್ಕ ಮಾಡಿ. ಅಕ್ಕ ವಿಚಾರಿಸಿದ ಶಾಖೆಯಲ್ಲಿ ಚಿಕ್ಕ ಲಾಕರ್‌ಗೆ ವರ್ಷಕ್ಕೆ 2,000, ಮಧ್ಯಮಕ್ಕೆ 4,000, ದೊಡ್ಡದಕ್ಕೆ 8,000. ಇದರ ಮೇಲೆ ಶೇಕಡಾ 18 ಜಿಎಸ್‌ಟಿ. ಚಿಕ್ಕದರಲ್ಲಿಟ್ಟರೆ 2,360 ಖರ್ಚು, ಕಳೆದರೆ 2 ಲಕ್ಷ. ಅಂದರೆ ಅವಳ ಚಿನ್ನದ ಹನ್ನೆರಡನೇ ಒಂದು ಭಾಗ. ದೊಡ್ಡದು ತೆಗೆದುಕೊಂಡರೆ 9,440 ಖರ್ಚು, ಕಳೆದರೆ 8 ಲಕ್ಷ. ಆಗಲೂ ಮೂರನೇ ಒಂದು ಭಾಗ. ಚಿನ್ನದ ಗುಣವೇ ಅದು ನೋಡಿ, ಅಂಗೈ ಅಗಲದ ಜಾಗದಲ್ಲಿ ಅರ್ಧ ಸೈಟಿನ ಬೆಲೆ ಕೂತಿರುತ್ತದೆ. ಬಾಡಿಗೆ ಮಾತ್ರ ಜಾಗಕ್ಕೆ ತಕ್ಕಂತೆ. ಹಳ್ಳಿ ಕಡೆಯ ಶಾಖೆಯಲ್ಲಿ ಬಾಡಿಗೆ ಕಮ್ಮಿ ಅಂತ ಖುಷಿಪಡುವವರು ಒಂದು ಗಮನಿಸಿ. 1,500 ಬಾಡಿಗೆ ಅಂದರೆ ಪರಿಹಾರವೂ ಒಂದೂವರೆ ಲಕ್ಷಕ್ಕೆ ಇಳಿಯಿತು.

ಹಾಗಾದರೆ ಪರಿಹಾರ ಜಾಸ್ತಿ ಬರಲಿ ಅಂತ ದೊಡ್ಡ ಲಾಕರ್ ತೆಗೆದುಕೊಳ್ಳಬೇಕಾ? ನನ್ನ ಪ್ರಕಾರ ಬೇಡ. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ವರ್ಷಕ್ಕೆ 7,080 ಹೆಚ್ಚು ಕೊಟ್ಟು 6 ಲಕ್ಷದ ಭರವಸೆ ಕೊಂಡಂತಾಯ್ತು, ಅದೂ ಪ್ರವಾಹಕ್ಕೆ ನಡೆಯದ ಭರವಸೆ. ಅದೇ 7,080 ರೂಪಾಯಿಗೆ ಒಡವೆ ವಿಮೆಯಲ್ಲಿ ಎಷ್ಟು ಮೊತ್ತ ಸಿಗುತ್ತದೆ ಅಂತ ಒಂದು ಕೊಟೇಶನ್ ತರಿಸಿ ಪಕ್ಕ ಪಕ್ಕ ಇಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ. ದೊಡ್ಡ ಲಾಕರ್ ಬೇಕಾಗೋದು ಜಾಗಕ್ಕೆ. ಬೆಳ್ಳಿ ತಟ್ಟೆ, ದೀಪದ ಕಂಬ, ಡಾಬು, ಮನೆಪತ್ರದ ಫೈಲು ಇವೆಲ್ಲ ಚಿಕ್ಕದರಲ್ಲಿ ಹಿಡಿಯಲ್ಲ. ಚಿಕ್ಕ ಲಾಕರ್ ಅಂದರೆ ಒಳಗೆ ಉದ್ದ ಇರುತ್ತದೆ, ಎತ್ತರ ಇರೋದಿಲ್ಲ. ಅಕ್ಕ ಮನೆಯಿಂದ ಒಯ್ದ ಸ್ಟೀಲ್ ಡಬ್ಬಿ ಅದರ ಬಾಯಿಗೇ ಸಿಕ್ಕಿಕೊಂಡಿತು. ಒಡವೆಯನ್ನು ಬಟ್ಟೆಗಂಟಿನಲ್ಲಿ ಕಟ್ಟಿ ಒಯ್ದರೆ ವಾಸಿ. ಚಿನ್ನ ಜಾಸ್ತಿ ಇರುವವರು ಒಂದು ದೊಡ್ಡ ಲಾಕರ್‌ಗಿಂತ ಎರಡು ಬೇರೆ ಬೇರೆ ಶಾಖೆಯಲ್ಲಿ ಎರಡು ಚಿಕ್ಕದು ತೆಗೆದುಕೊಳ್ಳೋದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಎರಡೂ ಒಟ್ಟಿಗೆ ಹೋಗೋದು ಅಪರೂಪ. ಕೀ ಎರಡು ಕಾಯಬೇಕು, ಓಡಾಟ ಎರಡು, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಲಾಕರ್ ಸಿಗೋದು ಹೇಗೆ. ಇಲ್ಲಿ ನನ್ನದೇ ಒಂದು ಕಥೆ ಇದೆ. ಕೆಲವು ವರ್ಷದ ಹಿಂದೆ ಒಂದು ಬ್ಯಾಂಕಿಗೆ ಹೋಗಿ ಕೇಳಿದೆ. "ಖಾಲಿ ಇಲ್ಲ ಸರ್" ಅಂದರು. ಐದು ನಿಮಿಷ ಬಿಟ್ಟು ಇನ್ನೊಬ್ಬರು ಬಂದು, ವರ್ಷಕ್ಕೆ 50,000 ಕಟ್ಟುವ ಒಂದು ಇನ್ಶೂರೆನ್ಸ್ ಪಾಲಿಸಿ ಮಾಡಿಸಿದರೆ "ನೋಡೋಣ" ಅಂದರು. ಆಗ ನನಗೆ ನಿಯಮ ಗೊತ್ತಿರಲಿಲ್ಲ, ಸುಮ್ನೆ ಎದ್ದು ಬಂದೆ. ಗೊತ್ತಿದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೆ. ಪ್ರತಿ ಅರ್ಜಿಗೂ ಬ್ಯಾಂಕ್ ಸ್ವೀಕೃತಿ ಕೊಡಬೇಕು. ಖಾಲಿ ಇಲ್ಲದಿದ್ದರೆ ವೇಟಿಂಗ್ ಲಿಸ್ಟ್ ನಂಬರ್ ಕೊಡಬೇಕು. ಯಾವ ಲಾಕರ್ ಖಾಲಿ, ಯಾರು ಕಾಯುತ್ತಿದ್ದಾರೆ ಅನ್ನೋ ಪಟ್ಟಿಯನ್ನು ಪ್ರತಿ ಶಾಖೆ ಕಂಪ್ಯೂಟರಿನಲ್ಲಿ ಇಡಬೇಕು. ಆ ನಂಬರ್ ಕೇಳಿದ ಕೂಡಲೇ ಎಷ್ಟೋ ಕಡೆ ಲಾಕರ್ ಖಾಲಿಯಾಗಿಬಿಡುತ್ತದೆ, ನಗಬೇಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಹೊಸಬರಿಂದ ಬ್ಯಾಂಕ್ ಒಂದು ಎಫ್‌ಡಿ ಕೇಳಬಹುದು. ಅದು ಮೂರು ವರ್ಷದ ಬಾಡಿಗೆ ಮತ್ತು ಲಾಕರ್ ಒಡೆಯಬೇಕಾಗಿ ಬಂದರೆ ಆಗುವ ಖರ್ಚು, ಅಷ್ಟಕ್ಕೆ ಸಾಲುವಷ್ಟು ಮಾತ್ರ. ಚಿಕ್ಕ ಲಾಕರ್‌ಗೆ ಅದು 6,000 ಮತ್ತು ಒಡೆಯುವ ಖರ್ಚು, ಅಷ್ಟೇ. ಲಕ್ಷಗಟ್ಟಲೆ ಎಫ್‌ಡಿ ಕೇಳಿದರೆ ಯಾವ ನಿಯಮದ ಪ್ರಕಾರ ಅಂತ ಬರೆದುಕೊಡಿ ಅನ್ನಿ. ಈಗಾಗಲೇ ಲಾಕರ್ ಇರುವವರ ಹತ್ತಿರ, ಖಾತೆ ಸರಿಯಾಗಿ ನಡೆಸುತ್ತಿರುವವರ ಹತ್ತಿರ ಅದನ್ನೂ ಒತ್ತಾಯ ಮಾಡುವಂತಿಲ್ಲ. ಆ ಬ್ಯಾಂಕಿನಲ್ಲಿ ಬೇರೆ ಯಾವ ವ್ಯವಹಾರ ಇಲ್ಲದವರಿಗೂ ಗುರುತು ವಿಳಾಸ ಪರಿಶೀಲಿಸಿ ಲಾಕರ್ ಕೊಡಬಹುದು. ಲಾಕರ್‌ನಲ್ಲಿಟ್ಟ ವಸ್ತುವಿಗೆ ಅಂತ ವಿಮೆಯನ್ನು ಬ್ಯಾಂಕ್ ತಾನಾಗಿ ಮಾರುವಂತೆಯೂ ಇಲ್ಲ. ಶಾಖೆಯವರು ಕೇಳದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು.

ಲಾಕರ್ ಕೊಡುವಾಗ ಸ್ಟ್ಯಾಂಪ್ ಪೇಪರಿನಲ್ಲಿ ಒಪ್ಪಂದ ಆಗುತ್ತದೆ. ಒಂದು ಪ್ರತಿ ನಿಮಗೆ ಕೊಡಲೇಬೇಕು. ಅದನ್ನು ದಯವಿಟ್ಟು ಲಾಕರ್ ಒಳಗೇ ಇಡಬೇಡಿ. ನಮ್ಮ ಭಾವ ಅದನ್ನೇ ಮಾಡಲು ಹೊರಟಿದ್ದರು.

ಏನಿಡಬಹುದು ಅನ್ನೋದು ಆ ಒಪ್ಪಂದದಲ್ಲೇ ಇರುತ್ತದೆ. ಒಡವೆ, ದಾಖಲೆ ಪತ್ರ ಸರಿ. ಆಯುಧ, ಸ್ಫೋಟಕ, ಮಾದಕ ವಸ್ತು, ಕೆಡುವ ಪದಾರ್ಥ ಇಡುವಂತಿಲ್ಲ, ಇದು ಎಲ್ಲರಿಗೂ ಅರ್ಥವಾಗುತ್ತದೆ. ಜನ ಎಡವೋದು ನಗದಿನಲ್ಲಿ. ಬ್ಯಾಂಕುಗಳ ಸಂಘ ಮಾಡಿಕೊಟ್ಟ ಮಾದರಿ ಒಪ್ಪಂದದಲ್ಲಿ ನಗದು ಇಡಬಾರದು ಅಂತ ಸ್ಪಷ್ಟವಾಗಿದೆ. 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಒಬ್ಬ ಹೆಣ್ಣುಮಗಳು ಮಗಳ ಮದುವೆಗೆ ಅಂತ ಲಾಕರ್‌ನಲ್ಲಿಟ್ಟ 18 ಲಕ್ಷ ರೂಪಾಯಿ ನೋಟನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಇಡಬಾರದ್ದನ್ನು ಇಟ್ಟು ಪರಿಹಾರ ಕೇಳೋಕೆ ಹೋದರೆ ಮೊದಲ ಪ್ರಶ್ನೆಯೇ ನಿಮ್ಮ ಮೇಲೆ ಬರುತ್ತದೆ. ಗೆದ್ದಲಿನ ವಿಷಯ ಪತ್ರಗಳಿಗೂ ಅನ್ವಯಿಸುತ್ತದೆ. ಹಳೆಯ ಕಟ್ಟಡದ ನೆಲಮಹಡಿಯ ಸ್ಟ್ರಾಂಗ್ ರೂಂ ಆದರೆ ಕ್ರಯಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ವರ್ಷಕ್ಕೊಮ್ಮೆ ತೆಗೆದು ನೋಡಿ. ಗೋಡೆಯಲ್ಲಿ ತೇವದ ಕಲೆ ಇದ್ದರೆ, ನೆಲದ ಮೂಲೆಯಲ್ಲಿ ಮಣ್ಣಿನ ಗೆರೆ ಕಂಡರೆ ಆ ಲಾಕರ್ ಬೇಡ ಅನ್ನಿ. ಲಾಕರ್ ಒಪ್ಪಿಕೊಳ್ಳುವ ಮುಂಚೆ ಒಳಗೆ ಹೋಗಿ ನೋಡೋಕೆ ಸಂಕೋಚ ಬೇಡ.

ಎರಡನೇ ಆಯ್ಕೆ ನಮ್ಮ ಕಡೆ ತುಂಬಾ ಇದೆ. ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘಗಳ ಲಾಕರ್. ಹೊಸ ಹೊಳೆಯುವ ಲಾಕರ್, ಪರಿಚಯದ ಮ್ಯಾನೇಜರ್, ಕಾಯೋದಿಲ್ಲ, ಬಾಡಿಗೆಯೂ ಕೈಗೆಟಕುತ್ತದೆ. ಅಕ್ಕನಿಗೆ ಇದೇ ಇಷ್ಟ ಆಗಿತ್ತು. ಆದರೆ ಇವು ಬ್ಯಾಂಕ್ ಅಲ್ಲ. ಪಟ್ಟಣ ಸಹಕಾರ ಬ್ಯಾಂಕುಗಳಿಗೆ, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಲಾಕರ್ ನಿಯಮ ಅನ್ವಯಿಸುತ್ತದೆ. ಸೌಹಾರ್ದ ಸಹಕಾರಿಗೆ, ಪತ್ತಿನ ಸಂಘಕ್ಕೆ ಅನ್ವಯಿಸೋದಿಲ್ಲ. ಖಾಸಗಿ ವಾಲ್ಟ್ ಕಂಪನಿಗಳಿಗೂ ಹಾಗೇ. ನೂರು ಪಟ್ಟು ಪರಿಹಾರ, ಒಡೆಯುವ ಮುಂಚೆ ನೋಟಿಸು, ಓಂಬುಡ್ಸ್‌ಮನ್, ಇದ್ಯಾವುದೂ ತಾನಾಗಿ ಬರೋದಿಲ್ಲ. ಅವರ ಒಪ್ಪಂದದಲ್ಲಿ ಏನು ಬರೆದಿದೆಯೋ ಅಷ್ಟೇ ನಿಮ್ಮ ಹಕ್ಕು. ರಾತ್ರಿ ಎಂಟಕ್ಕೂ ಭಾನುವಾರವೂ ತೆರೆದಿರುವ ವಾಲ್ಟ್ ಬೇಕು ಅನ್ನುವ ಅಂಗಡಿಯವರಿಗೆ ಇದು ಸರಿಹೋಗಬಹುದು, ಒಪ್ಪಂದದಲ್ಲಿ ಪರಿಹಾರದ ಮೊತ್ತ ಅಂಕಿಯಲ್ಲೇ ಬರೆದಿದ್ದರೆ. "ವಿಮೆ ಇದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಪಾಲಿಸಿ ತೋರಿಸಿ ಅನ್ನಿ, ಅದು ಕಟ್ಟಡಕ್ಕೋ ನಿಮ್ಮ ಒಡವೆಗೋ ಓದಿ.

ಮೂರನೇದು ಮನೆ. ಗೋಡೆಗೆ ಬೋಲ್ಟ್ ಹಾಕಿದ ತಿಜೋರಿ, ಜೊತೆಗೆ ಒಡವೆ ವಿಮೆ. ವಾರಕ್ಕೊಮ್ಮೆ ಒಡವೆ ಹಾಕುವವರಿಗೆ ಇದೇ ಅನುಕೂಲ. ಬೀರು ಬೇರೆ, ತಿಜೋರಿ ಬೇರೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ವಿಮೆಯಲ್ಲಿ ನೋಡಬೇಕಾದದ್ದು ಎರಡು. ಒಂದು, ಮನೆಗೆ ಮಾಡಿಸಿದ ಬೆಂಕಿ ವಿಮೆಯಲ್ಲಿ ಒಡವೆ ತಾನಾಗಿ ಸೇರಿರುತ್ತದೆ ಅಂದುಕೊಳ್ಳಬೇಡಿ, ಅದನ್ನು ಬೇರೆಯಾಗಿ ಸೇರಿಸಬೇಕು. ಇನ್ನೊಂದು, ಒಡವೆ ಎಲ್ಲಿದ್ದಾಗ ವಿಮೆ ನಡೆಯುತ್ತದೆ. ಮನೆಯಲ್ಲಿ ಮಾತ್ರವೋ, ಮೈಮೇಲಿದ್ದಾಗಲೂ ಹೌದೋ, ಲಾಕರ್‌ನಲ್ಲಿದ್ದಾಗಲೂ ಹೌದೋ ಅಂತ ಕೇಳಿ. ಮೂರೂ ಕಡೆ ನಡೆಯುವ ಪಾಲಿಸಿ ಸಿಕ್ಕರೆ ಚಿಕ್ಕ ಲಾಕರ್ ಜೊತೆ ಅದೇ ಒಳ್ಳೆಯ ಜೋಡಿ. ವಿಮೆಗೆ ಬಿಲ್ಲು ಅಥವಾ ತೂಕ ಬೆಲೆಯ ಪ್ರಮಾಣಪತ್ರ ಕೇಳುತ್ತಾರೆ. ಅಜ್ಜಿ ಕೊಟ್ಟ ಕಾಸಿನ ಸರಕ್ಕೆ ಬಿಲ್ಲು ಎಲ್ಲಿಂದ ತರೋದು, ಅದಕ್ಕೆ ಬೆಲೆ ಕಟ್ಟುವವರ ಹತ್ತಿರವೇ ಹೋಗಬೇಕು.

ನಾಲ್ಕನೇದನ್ನು ಯಾರೂ ಆಯ್ಕೆ ಅಂತ ಹೇಳೋದಿಲ್ಲ, ಆದರೆ ಎಷ್ಟೋ ಜನ ಮಾಡುತ್ತಾರೆ. ಚಿನ್ನ ಅಡವಿಟ್ಟು ಚಿಕ್ಕ ಸಾಲ ತೆಗೆದುಕೊಂಡು ಚಿನ್ನವನ್ನು ಬ್ಯಾಂಕಿನ ತೂಕದ ಲೆಕ್ಕದಲ್ಲಿ ಇಡೋದು. ಮೊದಲು ಹೇಳಿದೆನಲ್ಲ, ಅಡವಿನ ಚಿನ್ನಕ್ಕೆ ದಾಖಲೆ ಇದೆ, ಹೋದರೆ ಯಾರದ್ದೆಷ್ಟು ಅನ್ನೋ ಜಗಳ ಇಲ್ಲ. ಆದರೆ ಬಡ್ಡಿ ಓಡುತ್ತದೆ, ಗೌರಿ ಹಬ್ಬಕ್ಕೆ ಬೇಕೆಂದರೆ ಸಾಲ ತೀರಿಸಿ ಬಿಡಿಸಿಕೊಳ್ಳಬೇಕು, ಬೆಳ್ಳಿ ದೀಪಕ್ಕೂ ಮನೆಪತ್ರಕ್ಕೂ ಇದು ಆಗಿಬರಲ್ಲ. ದುಡ್ಡಿನ ಅಗತ್ಯ ಹೇಗೂ ಇದ್ದವರಿಗೆ ಸರಿ. ಬರೀ ಕಾಪಾಡೋಕೆ ಅಂತ ಬಡ್ಡಿ ಕಟ್ಟೋದು ನನಗೆ ಒಪ್ಪಿಗೆಯಾಗಲ್ಲ.

ಹೊರಗೆ ಇರುವವರಿಗೆ ಒಂದು ಬೇರೆ ಮಾತು. ಅಮೆರಿಕದಲ್ಲೋ ದುಬೈನಲ್ಲೋ ಇದ್ದು, ಬಸವನಗುಡಿಯಲ್ಲೋ ಮಂಗಳೂರಲ್ಲೋ ಲಾಕರ್ ಇಟ್ಟುಕೊಂಡವರು ಬಾಡಿಗೆ ಖಾತೆಯಿಂದ ತಾನಾಗಿ ಕಟ್ ಆಗುತ್ತಿದೆ ಅಂತ ನೆಮ್ಮದಿಯಾಗಿರುತ್ತಾರೆ. ಮೂರು ವರ್ಷ ಸತತ ಬಾಡಿಗೆ ಕಟ್ಟದಿದ್ದರೆ ಬ್ಯಾಂಕ್ ಲಾಕರ್ ಒಡೆಯಬಹುದು, ಅದು ಗೊತ್ತಿರುವ ವಿಷಯ. ಆದರೆ ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ಯಾರೂ ತೆಗೆಯದೆ, ನಿಮ್ಮನ್ನು ಸಂಪರ್ಕಿಸಲೂ ಆಗದಿದ್ದರೆ ಆಗಲೂ ಒಡೆಯಬಹುದು. ಒಡೆಯುವಾಗ ಬ್ಯಾಂಕಿನ ಅಧಿಕಾರಿ, ಇಬ್ಬರು ಹೊರಗಿನ ಸಾಕ್ಷಿಗಳು, ವಿಡಿಯೋ ಎಲ್ಲ ಇರಬೇಕು. ಆದರೂ ಆ ಪ್ರಸಂಗ ಯಾಕೆ. ಊರಿಗೆ ಬಂದಾಗ ಒಮ್ಮೆ ಹೋಗಿ ತೆರೆದು ಸಹಿ ಮಾಡಿ ಬನ್ನಿ, ಫೋನ್ ನಂಬರು ವಿಳಾಸ ಬದಲಿಸಿದ್ದರೆ ಬರೆದುಕೊಡಿ.

ನಾವಿಲ್ಲದಾಗ ಯಾರು ಅನ್ನೋ ಪ್ರಶ್ನೆಯಲ್ಲಿ ಬ್ಯಾಂಕ್ ಲಾಕರ್ ಎಲ್ಲಕ್ಕಿಂತ ಮುಂದಿದೆ. ನಾಮಿನಿ ಇದ್ದರೆ, ಕಾಗದಪತ್ರ ಸರಿ ಇದ್ದರೆ ಹದಿನೈದು ದಿನದಲ್ಲಿ ಬ್ಯಾಂಕ್ ಅರ್ಜಿ ಪರಿಶೀಲಿಸಿ, ಲಾಕರ್ ತೆರೆದು ಒಳಗಿರುವುದನ್ನು ಪಟ್ಟಿ ಮಾಡುವ ದಿನ ಗೊತ್ತುಮಾಡಬೇಕು. 2025ರ ನವೆಂಬರ್ 1ರಿಂದ ಲಾಕರ್‌ಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ಆದರೆ ಪಾಲು ಹಂಚಿ ಅಲ್ಲ, ಒಬ್ಬರ ನಂತರ ಒಬ್ಬರು ಅಂತ. ನಾಮಿನಿ ಅಂದರೆ ಮಾಲೀಕರಲ್ಲ, ತೆಗೆದು ವಾರಸುದಾರರಿಗೆ ಕೊಡಬೇಕಾದವರು, ಇದು ಅಣ್ಣತಮ್ಮಂದಿರ ಜಗಳಕ್ಕೆ ಮುಂಚೆಯೇ ಗೊತ್ತಿರಲಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅನ್ನುವಂತೆ ಮಾಡಿಸೋದು ಒಳ್ಳೆಯದು.

ಕೊನೆಗೆ ಅಕ್ಕ ಮಾಡಿದ್ದು ಇದು. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ಬ್ಯಾಂಕಿನಲ್ಲಿ 2,000ದ ಚಿಕ್ಕ ಲಾಕರ್, ಭಾವನ ಜೊತೆ ಜಂಟಿ, ಪುಣೆಯ ಮಗಳು ನಾಮಿನಿ. ಬೆಳ್ಳಿ ಮನೆಯಲ್ಲೇ ಉಳಿಯಿತು, ಹಬ್ಬಕ್ಕೆ ಬೇಕಲ್ಲ. ಚಿನ್ನಕ್ಕೆ ವಿಮೆಯ ಎರಡು ಕೊಟೇಶನ್ ತರಿಸಿ, ಲಾಕರ್‌ನಲ್ಲಿದ್ದಾಗಲೂ ನಡೆಯುವುದನ್ನು ಆರಿಸಿಕೊಂಡಳು. ಒಯ್ಯುವ ಹಿಂದಿನ ರಾತ್ರಿ ಊಟದ ಟೇಬಲ್ ಮೇಲೆ ಬಿಳಿ ಪಂಚೆ ಹಾಸಿ, ಒಂದೊಂದೇ ಒಡವೆ ಇಟ್ಟು, ಪಕ್ಕದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಅಂಕಿ ಕಾಣುವಂತೆ ಫೋಟೋ ತೆಗೆದೆವು. ಮಗಳಿಗೆ ಕಳಿಸಿದೆವು. ಬ್ಯಾಂಕಿಗೆ ಆ ಪಟ್ಟಿ ಬೇಡ, ಆದರೆ ವಿಮೆಯವರಿಗೆ ಬೇಕು, ಪೊಲೀಸರಿಗೆ ಬೇಕು.

ಲಾಕರ್ ತೆಗೆದ ದಿನ ಸಂಜೆಯೊಳಗೆ ಫೋನಿಗೆ ಮೆಸೇಜ್ ಬರಬೇಕು, ಎಷ್ಟು ಹೊತ್ತಿಗೆ ತೆಗೆದರು ಅಂತ. ನೀವು ಹೋಗದ ದಿನ ಅಂಥ ಮೆಸೇಜ್ ಬಂದರೆ ಆಗಲೇ ಓಡಬೇಕು. ಸ್ಟ್ರಾಂಗ್ ರೂಂ ಬಾಗಿಲ ಸಿಸಿಟಿವಿ ದೃಶ್ಯವನ್ನು ಕನಿಷ್ಠ 180 ದಿನ ಇಡಬೇಕು ಅನ್ನೋ ನಿಯಮ ಇದೆ, ಆ ಗಡುವು ದಾಟಿದ ಮೇಲೆ ದೂರಿಗೆ ಸಾಕ್ಷಿ ಇರುತ್ತದೆ ಅನ್ನೋ ಭರವಸೆ ಇಲ್ಲ. ಅಕ್ಕನಿಗೆ ಮೊದಲ ದಿನ ರಾತ್ರಿ ಎಂಟಾದರೂ ಮೆಸೇಜ್ ಬರಲಿಲ್ಲ. ನೋಡಿದರೆ ಖಾತೆಯಲ್ಲಿದ್ದದ್ದು ಭಾವ ಯಾವತ್ತೋ ಬಿಟ್ಟ ಹಳೇ ಸಿಮ್ಮಿನ ನಂಬರ್. ಮರುದಿನ ಬೆಳಿಗ್ಗೆ ಹತ್ತಕ್ಕೆ ಶಾಖೆಯ ಬಾಗಿಲಲ್ಲಿ ನಿಂತು ಬದಲಿಸಿ, ಮತ್ತೆ ಲಾಕರ್ ಒಮ್ಮೆ ತೆರೆದು ಮುಚ್ಚಿ, ಅಲ್ಲೇ ಬೆಂಚಿನ ಮೇಲೆ ಫೋನ್ ಹಿಡಿದು ಕೂತಳಂತೆ. ಹನ್ನೊಂದೂಕಾಲಿಗೆ ಬಂತು.